ಘಟ್ಟವಿಳಿಯುವಾಗ ಬ್ರೇಕು ಸೋಲುವುದೇಕೆ?

ಬಾಳೆಗೊನೆ, ಶುಂಠಿ ಮೊದಲಾದ ಫಸಲನ್ನು ಹೇರಿಕೊಂಡು ಮಲೆನಾಡಿನಿಂದ ಘಟ್ಟವಿಳಿಯುವ ವಾಹನಗಳಲ್ಲಿ ಅರ್ಧ ದಾರಿಗೆ ಬ್ರೇಕು ಹಿಡಿಯದೆ ಹೋಗುವುದುಂಟು. ಹೊರಡುವಾಗ ಸರಿಯಾಗಿದ್ದ ಬ್ರೇಕು ತಣ್ಣಗಾದ ಮೇಲೆ ಪುನಃ ಹಿಡಿಯುವುದರಿಂದ ಇದರ ಕಾರಣವು ಅನೇಕರಿಗೆ ಗೋಚರವಾಗುವುದಿಲ್ಲ. ಕಾರಣವು ಶಾಖವೇ.

ಸರಕು ಸೇರಿ 3 ಟನ್ ತೂಗುವ ಒಂದು ಪಿಕಪ್ ಗಾಡಿಯು 14 ತಿರುವುಗಳುಳ್ಳ ಆಗುಂಬೆ ಘಟ್ಟವನ್ನು ಇಳಿಯುವುದೆಂದು ಭಾವಿಸೋಣ. ಇಳಿತವನ್ನು 500 ಮೀಟರೆಂದು ಹಿಡಿದರೆ, ಆ ಭಾರವನ್ನು ಬ್ರೇಕಿನಿಂದಲೇ ತಡೆಯುವಲ್ಲಿ ಹುಟ್ಟುವ ಶಾಖವು ಸುಮಾರು 45 ಲೀಟರ್ ತಣ್ಣೀರನ್ನು ಕುದಿಸಲು ಸಾಕಾಗುವುದು. ಒಟ್ಟು ತೂಕವು ಒಂದೂವರೆಯಷ್ಟಾದರೆ ಶಾಖವೂ ಒಂದೂವರೆಯಷ್ಟಾಗುವುದು.

ಈ ಶಾಖವು ಎರಡು ವಿಧವಾಗಿ ಕೇಡನ್ನುಂಟುಮಾಡುತ್ತದೆ. ಲೈನರುಗಳು ಮಿತಿಮೀರಿ ಕಾದರೆ ಅವುಗಳ ಹಿಡಿತ ತಗ್ಗುತ್ತದೆ. ಆಗ ಪೆಡಲು ಗಟ್ಟಿಯಾಗಿಯೇ ಇದ್ದರೂ ಗಾಡಿಯು ನಿಲ್ಲುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಬ್ರೇಕಿನ ಎಣ್ಣೆಯೇ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳೆದ್ದು ಪೆಡಲು ಮೆತ್ತಗಾಗಿ ತಳಕ್ಕಿಳಿಯುತ್ತದೆ. ಈ ಎಣ್ಣೆಯು ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ತೇವ ಹೀರಿದಷ್ಟೂ ಬೇಗ ಕುದಿಯುವುದು. ಆದುದರಿಂದ ತಯಾರಕರು ಹೇಳಿದ ಅವಧಿಗೆ ಅದನ್ನು ತಪ್ಪದೆ ಬದಲಾಯಿಸತಕ್ಕದ್ದು.

ಪರಿಹಾರವು ಎಂಜಿನ್ನಿನಲ್ಲಿಯೇ ಇದೆ. ಗಾಡಿಯು ಕೆಳಗಿನ ಗೇರಿನಲ್ಲಿರುವಾಗ ಆಕ್ಸಿಲರೇಟರನ್ನು ಬಿಟ್ಟರೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸಬೇಕಾಗಿ ವೇಗವು ತಡೆಯಲ್ಪಡುತ್ತದೆ. ಘಟ್ಟದ ನೆತ್ತಿಯಲ್ಲಿ, ಇಳಿಜಾರಿಗೆ ಮುನ್ನವೇ, ಅದೇ ಘಟ್ಟವನ್ನು ಹತ್ತಲು ಬೇಕಾಗುವ ಗೇರನ್ನು ಹಾಕತಕ್ಕದ್ದು. ಭಾರ ಹೆಚ್ಚಿದ್ದರೆ ಅದಕ್ಕಿಂತ ಒಂದು ಕೆಳಗಿನದನ್ನು ಹಾಕುವುದು ಲೇಸು. ಆಗಲೂ ವೇಗವೇರಿದರೆ, ಬ್ರೇಕನ್ನು ಸ್ವಲ್ಪ ಹೊತ್ತು ಬಲವಾಗಿ ಒತ್ತಿ, ವೇಗವು ಗಂಟೆಗೆ 8 ಕಿಲೋಮೀಟರಿನಷ್ಟು ತಗ್ಗಿದೊಡನೆ ಪೂರ್ತಿ ಬಿಡಬೇಕು. ಪೆಡಲಿನ ಮೇಲೆ ಸದಾ ಕಾಲಿಟ್ಟಿದ್ದರೆ ಶಾಖವು ಆರಲು ಅವಕಾಶವಿರದು.

ಡೀಸಲ್ ಉಳಿಸುವೆವೆಂದು ನ್ಯೂಟ್ರಲಿನಲ್ಲಿ ಇಳಿಸುವ ಪದ್ಧತಿಯನ್ನು ಮಾಲೀಕರು ಕಟ್ಟುನಿಟ್ಟಾಗಿ ನಿಲ್ಲಿಸತಕ್ಕದ್ದು. ಈಗಿನ ಎಂಜಿನ್ನುಗಳಲ್ಲಿ, ಗೇರಿನಲ್ಲಿದ್ದು ಆಕ್ಸಿಲರೇಟರನ್ನು ಬಿಟ್ಟಾಗ ಇಂಧನವೇ ನಿಂತುಹೋಗುವುದು. ನ್ಯೂಟ್ರಲಿನಲ್ಲಿಯಾದರೋ ಎಂಜಿನ್ ಸುಮ್ಮನೆ ತಿರುಗಲೂ ಡೀಸಲ್ ಬೇಕು. ಉಳಿತಾಯವೂ ಇಲ್ಲ, ತಡೆಯೂ ಇಲ್ಲ.

ಎಂಜಿನ್ನಿನ ತಡೆಗೂ ಮಿತಿಯುಂಟು. ಗಾಡಿಯು ಓಡತೊಡಗಿದ ಮೇಲೆ ಕೆಳಗಿನ ಗೇರು ಬೀಳದಿರಬಹುದು. ಬಿದ್ದರೂ ಎಂಜಿನ್ನಿಗೆ ಹಾನಿಯಾದೀತು. ಆದುದರಿಂದ ವಾಸನೆ ಬಂದಾಗಲೇ, ಪೆಡಲು ಇನ್ನೂ ಹಿಡಿಯುತ್ತಿರುವಾಗಲೇ, ಸಮತಟ್ಟಾದ ಸ್ಥಳದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಗಳಿಗೆ ಕಲ್ಲು ಕೊಡಬೇಕು. ಕಾದ ಡ್ರಮ್ಮಿಗೆ ನೀರೆರಚಿದರೆ ಅದು ಬಿರುಕುಬಿಡಬಹುದು; ತಾನಾಗಿಯೇ ಆರುವವರೆಗೆ ಕಾಯತಕ್ಕದ್ದು. ಮತ್ತೆ ಹೊರಡುವ ಮುನ್ನ ಪೆಡಲನ್ನು ಒತ್ತಿ ನೋಡಿ, ಅದು ಮೆತ್ತಗಿದ್ದರೆ ಗಾಡಿಯನ್ನು ಅಲ್ಲಿಂದ ಕದಲಿಸಕೂಡದು.