ಅಂಕಿಗಳಿರುವ ಪಠ್ಯದ ಸಂಕೋಚನ: ಅಳ್ನಾವರದ ಪಿನ್ ಕೋಡ್ ಒಂದು ಉದಾಹರಣೆ

ಒಂದೇ ಅಕ್ಷರ ಬೆನ್ನುಬೆನ್ನಿಗೆ ಹಲವು ಸಲ ಬಂದಾಗ ಅದನ್ನು ಅಷ್ಟೂ ಸಲ ಬರೆಯದೆ, ಎಷ್ಟು ಸಲ ಬಂದಿದೆ ಎಂಬ ಎಣಿಕೆಯನ್ನೂ ಆ ಅಕ್ಷರವನ್ನೂ ಒಮ್ಮೆ ಮಾತ್ರ ಬರೆದಿಡುವ ಕ್ರಮಕ್ಕೆ ರನ್-ಲೆಂತ್ ಎನ್‌ಕೋಡಿಂಗ್ ಎಂದು ಹೆಸರು. ಈ ಕ್ರಮದಲ್ಲಿ `AAAABBB` ಎಂಬುದು `4A3B` ಆಗುತ್ತದೆ. ಅಂಕಿ ಕಂಡರೆ ಎಣಿಕೆ, ಅಕ್ಷರ ಕಂಡರೆ ಪಠ್ಯ ಎಂದು ಓದಿಕೊಂಡರೆ ಮೂಲವು ತಪ್ಪಿಲ್ಲದೆ ಮರಳಿ ಸಿಗುತ್ತದೆ. ಆದರೆ ಈ ಓದು ಪಠ್ಯದಲ್ಲಿ ಅಂಕಿಗಳಿಲ್ಲ ಎಂಬ ನಂಬಿಕೆಯ ಮೇಲೆ ನಿಂತಿದೆ.

ಧಾರವಾಡ ಜಿಲ್ಲೆಯ ಅಳ್ನಾವರದ ಪಿನ್ ಕೋಡ್ `581103`. ಒಂದೇ ಸಲ ಬಂದ ಅಕ್ಷರಕ್ಕೆ ಎಣಿಕೆ ಬೇಡ ಎಂಬ ರೂಢಿಯ ನಿಯಮವನ್ನು ಇದಕ್ಕೆ ಅನ್ವಯಿಸಿದರೆ, ಜೋಡಿಯಾಗಿ ಬಂದ 1 ಮಾತ್ರ `21` ಆಗಿ, ಇಡೀ ಸಂಖ್ಯೆ `582103` ಎಂದಾಗುತ್ತದೆ. ಇದೂ ಆರಂಕಿಯ ಸಂಖ್ಯೆಯೇ ಆದ್ದರಿಂದ ನೋಡಿದವರಿಗೆ ತಪ್ಪಿನ ಸುಳಿವೇ ಸಿಗುವುದಿಲ್ಲ. ಎರಡೆರಡು ಅಂಕಿಗಳನ್ನು ಎಣಿಕೆ ಮತ್ತು ಪಠ್ಯ ಎಂದು ಓದಿದರೆ ಐದು 8, ಎರಡು 1, ಸೊನ್ನೆ ಸಲ 3 ಎಂದು ಬಂದು `8888811` ಎಂಬ ಏಳಂಕಿಯ ಸಂಖ್ಯೆ ಹೊರಬೀಳುತ್ತದೆ. ಅಂಕಿಯಲ್ಲದ ಅಕ್ಷರಕ್ಕಾಗಿ ಕಾಯುವ ಪ್ರೋಗ್ರಾಮಿಗಾದರೆ ಕೊನೆಯವರೆಗೂ ಏನೂ ದಕ್ಕುವುದಿಲ್ಲ.

ಒಂದು ಸಲ ಬಂದುದಕ್ಕೂ ಎಣಿಕೆ ಬರೆದರೆ `1518211013` ಎಂದಾಗುತ್ತದೆ, ಮತ್ತು ಇದನ್ನು ಎರಡೆರಡಾಗಿ ಬಿಡಿಸಿದರೆ `581103` ಸರಿಯಾಗಿಯೇ ಬರುತ್ತದೆ. ಈ ಪರಿಹಾರ ಪುನರಾವರ್ತನೆ ಒಂಬತ್ತನ್ನು ಮೀರದವರೆಗೆ ಮಾತ್ರ ಸಾಕು. ಹತ್ತು ಸೊನ್ನೆಗಳು `100` ಆದೊಡನೆ ಎಣಿಕೆಗೆ ಎರಡು ಅಂಕಿ ಬೇಕಾಗಿ, ಜೋಡಿಯ ಲೆಕ್ಕ ಹಳಿ ತಪ್ಪುತ್ತದೆ.

ಆದ್ದರಿಂದ ಎಣಿಕೆ ಎಲ್ಲಿ ಮುಗಿಯಿತು ಎಂಬುದನ್ನು ಗುರುತಿನಿಂದಲೇ ತಿಳಿಸುವುದು ಹೆಚ್ಚು ಭದ್ರವಾದ ದಾರಿ. ಎಣಿಕೆಯ ನಂತರ ಒಂದು ವಿವರಣ ಚಿಹ್ನೆಯನ್ನಿಟ್ಟರೆ ಅಳ್ನಾವರದ ಸಂಖ್ಯೆ ಹೀಗಾಗುತ್ತದೆ:

```
1:51:82:11:01:3
```

ಇದನ್ನು ಬಿಡಿಸುವಾಗ ಚಿಹ್ನೆ ಸಿಗುವವರೆಗಿನ ಅಂಕಿಗಳನ್ನು ಎಣಿಕೆಯೆಂದು ಓದಿ, ಚಿಹ್ನೆಯ ಮುಂದಿನ ಒಂದೇ ಒಂದು ಅಕ್ಷರವನ್ನು, ಅದು ಯಾವುದೇ ಆಗಿರಲಿ, ಪಠ್ಯವೆಂದು ತೆಗೆದುಕೊಂಡು, ಮತ್ತೆ ಎಣಿಕೆಯಿಂದ ಆರಂಭಿಸಬೇಕು. ಆ ಅಕ್ಷರದ ಅರ್ಥವನ್ನು ಅದರ ಸ್ಥಾನವೇ ನಿರ್ಧರಿಸುವುದರಿಂದ ಪಠ್ಯದಲ್ಲಿ ಅಂಕಿ ಇದ್ದರೂ, ವಿವರಣ ಚಿಹ್ನೆಯೇ ಇದ್ದರೂ ಗೊಂದಲವಿಲ್ಲ. ಮೂರು ಚಿಹ್ನೆಗಳು `3::` ಆಗಿ ಸರಿಯಾಗಿ ಮರಳುತ್ತವೆ.

ಇದರ ಬೆಲೆ ಗಾತ್ರ: ಆರಂಕಿಯ ಸಂಖ್ಯೆ ಹದಿನೈದು ಅಕ್ಷರಗಳಿಗೆ ಬೆಳೆದು, ಸಂಕೋಚನದ ಉದ್ದೇಶವೇ ಕೈತಪ್ಪಿತು. ಹೀಗಾಗಿ ಐದು ಅಥವಾ ಹೆಚ್ಚು ಸಲ ಬಂದುದನ್ನು ಮಾತ್ರ `~` ಎಂಬ ಮುನ್ಸೂಚಕದೊಂದಿಗೆ ಬರೆದು, ಉಳಿದುದನ್ನು ಇದ್ದಂತೆಯೇ ಬಿಡುವುದು ಮೇಲು:

```
ALNAVAR----------581103
ALNAVAR~10:-581103
```

ಇಪ್ಪತ್ಮೂರು ಅಕ್ಷರಗಳು ಹದಿನೆಂಟಾದವು, ಪಿನ್ ಕೋಡಿಗೆ ಯಾವ ಬಾಧೆಯೂ ಆಗಲಿಲ್ಲ. ಮೂಲದಲ್ಲಿಯೇ ಒಂದು `~` ಇದ್ದರೆ ಅದನ್ನು `~1:~` ಎಂದು ಬರೆಯಲೇಬೇಕು; ಇದನ್ನು ಮರೆತರೆ ಹಳೆಯ ದೋಷವೇ ಹೊಸ ಚಿಹ್ನೆಯಲ್ಲಿ ಮರುಕಳಿಸುತ್ತದೆ. ಇಂಥ ಪ್ರೋಗ್ರಾಮನ್ನು ಬರೆಯುವವರು ಅಂಕಿಗಳು, ಹತ್ತು ಸಲ ಬಂದ ಅಕ್ಷರ, ತಾವು ಆರಿಸಿದ ಚಿಹ್ನೆಗಳು ಮತ್ತು ಖಾಲಿ ಪಠ್ಯ ಇವನ್ನು ಸಂಕೋಚಿಸಿ, ಬಿಡಿಸಿ, ಮೂಲದೊಂದಿಗೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಬೇಕು.