ಲಾಭ ಮಾಡಿಯೂ ನೆಟ್‌ಫ್ಲಿಕ್ಸ್ ಸಾಲ ಎತ್ತಿದ್ದೇಕೆ?

2019ರಲ್ಲಿ ಅಮೆರಿಕದ ನೆಟ್‌ಫ್ಲಿಕ್ಸ್ ಕಂಪನಿಯ ಆದಾಯ ಶೇ 28ರಷ್ಟು ಏರಿ 2,000 ಕೋಟಿ ಡಾಲರ್ ದಾಟಿತು. ತೆರಿಗೆ ಕಳೆದು 187 ಕೋಟಿ ಡಾಲರ್ ನಿವ್ವಳ ಲಾಭ ಬಂತು. ಆದರೂ ಅದೇ ವರ್ಷ ಕಂಪನಿ ಎರಡು ಸಲ ಬಾಂಡ್ ಮಾರಿ ಸಾಲ ಎತ್ತಬೇಕಾಯಿತು.

ಚಂದಾದಾರರು ಬಾಕಿ ಉಳಿಸಿಕೊಂಡಿದ್ದಕ್ಕೆ ಹೀಗಾಗಲಿಲ್ಲ. ಅವರು ಪ್ರತಿ ತಿಂಗಳೂ ಮುಂಗಡವಾಗಿಯೇ ಹಣ ಕಟ್ಟುತ್ತಾರೆ. ಕೊರತೆ ಹುಟ್ಟಿದ್ದು ಹಣ ಕೈಬಿಡುವ ಹೊತ್ತಿಗೂ ಅದನ್ನು ಖರ್ಚೆಂದು ಬರೆದುಕೊಳ್ಳುವ ಹೊತ್ತಿಗೂ ನಡುವಿನ ಅಂತರದಲ್ಲಿ.

ಒಂದು ಸರಣಿ ತಯಾರಾಗುವಾಗ ನಟರಿಗೆ, ತಂತ್ರಜ್ಞರಿಗೆ, ಸೆಟ್ಟಿಗೆ ಆಗಿಂದಾಗಲೇ ಹಣ ಕೊಡಬೇಕು. ಆಗಿನ್ನೂ ಅದರ ಒಂದು ಕಂತೂ ಪ್ರಸಾರವಾಗಿರುವುದಿಲ್ಲ. ಲೆಕ್ಕಪತ್ರದಲ್ಲಿ ಮಾತ್ರ ಸರಣಿ ಒಂದು ಆಸ್ತಿ. ಪ್ರಸಾರ ಶುರುವಾದ ಮೇಲೆ ಅದರ ವೆಚ್ಚವನ್ನು ವರ್ಷ ವರ್ಷಕ್ಕೆ ಹಂಚಿ ಬರೆಯುತ್ತಾರೆ. ನೆಟ್‌ಫ್ಲಿಕ್ಸ್ ಸರಾಸರಿ ಶೇ 90ಕ್ಕಿಂತ ಹೆಚ್ಚು ಭಾಗವನ್ನು ನಾಲ್ಕು ವರ್ಷದೊಳಗೆ ಬರೆದು ಮುಗಿಸುತ್ತದೆ.

2019ರ ಲೆಕ್ಕವನ್ನೇ ನೋಡಬಹುದು. ಲಾಭ 187 ಕೋಟಿ. ಅದನ್ನು ಲೆಕ್ಕಹಾಕುವಾಗ ಹಳೆಯ ಕಾರ್ಯಕ್ರಮಗಳ ಪಾಲಿನ ಖರ್ಚೆಂದು 922 ಕೋಟಿ ಕಳೆದಿದ್ದರು. ಆ ಹಣ ಬಹುಪಾಲು ಹಿಂದೆಯೇ ಕೈಬಿಟ್ಟಿದ್ದರಿಂದ ಅದನ್ನು ಲಾಭಕ್ಕೆ ಮರಳಿ ಸೇರಿಸಬೇಕು. ಆ ವರ್ಷ ಕಾರ್ಯಕ್ರಮಗಳಿಗಾಗಿ ನಿಜಕ್ಕೂ ಕೊಟ್ಟದ್ದು ಸುಮಾರು 1,461 ಕೋಟಿ, ಅದನ್ನು ಕಳೆಯಬೇಕು. ಉಳಿಯುವುದು 352 ಕೋಟಿಯ ಕೊರತೆ. ಸಣ್ಣಪುಟ್ಟ ಬಾಬತ್ತುಗಳನ್ನು ಹೊಂದಿಸಿ, ಕಟ್ಟಡ-ಉಪಕರಣಗಳ ಖರ್ಚನ್ನೂ ಕಳೆದರೆ ಸಿಗುವ ಮೊತ್ತವೇ ಫ್ರೀ ಕ್ಯಾಶ್ ಫ್ಲೋ, ಅಂದರೆ ವ್ಯವಹಾರ ನಡೆಸಿ, ಆಸ್ತಿಗೂ ಹಣ ಹಾಕಿದ ಮೇಲೆ ಕೈಯಲ್ಲಿ ಮಿಗುವ ನಗದು. ಅದು ಮೈನಸ್ 327 ಕೋಟಿ ಡಾಲರ್ ಆಗಿತ್ತು.

ಬೆಳವಣಿಗೆ ಈ ಅಂತರವನ್ನು ಹಿಗ್ಗಿಸುತ್ತದೆ. ವರ್ಷಕ್ಕೆ ಒಂದೇ ಸಮ ಕಾರ್ಯಕ್ರಮ ಮಾಡುತ್ತಿದ್ದರೆ ಕೆಲ ವರ್ಷಗಳಲ್ಲಿ ಎರಡೂ ಮೊತ್ತ ಹತ್ತಿರ ಬರುತ್ತವೆ. ಈ ವರ್ಷ ಹೆಚ್ಚು, ಮುಂದಿನ ವರ್ಷ ಇನ್ನೂ ಹೆಚ್ಚು ಎಂದು ಹೋದರೆ ಕೊಟ್ಟ ಹಣ ಬರೆದ ಖರ್ಚಿಗಿಂತ ಸದಾ ಮುಂದಿರುತ್ತದೆ. 2019ರಲ್ಲಿ ಅದು ಹೆಚ್ಚುಕಡಿಮೆ 1.6 ಪಟ್ಟು ಇತ್ತು.

2020ರಲ್ಲಿ ಕೊರೊನಾದಿಂದ ಚಿತ್ರೀಕರಣಗಳು ನಿಂತವು. ಆ ಅನುಪಾತ 1.2ರ ಆಸುಪಾಸಿಗೆ ಇಳಿಯಿತು. ಫ್ರೀ ಕ್ಯಾಶ್ ಫ್ಲೋ ಪ್ಲಸ್ 193 ಕೋಟಿ ಡಾಲರ್‌ಗೆ ಜಿಗಿಯಿತು. ಇದರಲ್ಲಿ ದೊಡ್ಡ ಪಾಲು ಮುಂದೂಡಿದ ಖರ್ಚಿನದು. ಕೆಲಸ ಮತ್ತೆ ಶುರುವಾದ 2021ರಲ್ಲಿ ಅದು ಪುನಃ ಶೂನ್ಯಕ್ಕಿಂತ ತುಸು ಕೆಳಗಿಳಿಯಿತು.

ಹಾಗಾಗಿ ಒಂದೇ ವರ್ಷದ ಅಂಕಿಯಿಂದ ತೀರ್ಮಾನಕ್ಕೆ ಬರುವುದು ಅಪಾಯ. ಕಂಪನಿಯ ವಾರ್ಷಿಕ ವರದಿಯಲ್ಲಿ ನಗದು ಹರಿವಿನ ಪಟ್ಟಿ ತೆರೆದು, ಲಾಭ ಮತ್ತು ನಗದಿನ ನಡುವಿನ ಹಣ ಎಲ್ಲಿ ಕೂತಿದೆ ಎಂದು ನಾಲ್ಕೈದು ವರ್ಷ ಹಿಂದಿನಿಂದ ಹುಡುಕಬೇಕು. ಅದು ಗ್ರಾಹಕರ ಬಾಕಿಯಲ್ಲೋ ಮಾರಾಟವಾಗದ ಸರಕಿನಲ್ಲೋ ಕೂತು, ಮಾರಾಟಕ್ಕಿಂತ ವೇಗವಾಗಿ ಬೆಳೆಯುತ್ತಿದ್ದರೆ ತೋರಿಸಿದ ಲಾಭವನ್ನೇ ಅನುಮಾನಿಸಬೇಕಾಗುತ್ತದೆ. ನೆಟ್‌ಫ್ಲಿಕ್ಸ್‌ನಲ್ಲಿ ಅದು ಜನ ನೋಡುವ ಕಾರ್ಯಕ್ರಮಗಳಲ್ಲಿತ್ತು. ಖರ್ಚಿನ ಏರಿಕೆ ನಿಧಾನವಾಗಿ ಚಂದಾ ಆದಾಯ ಬೆಳೆಯುತ್ತಲೇ ಹೋದಾಗ, 2022ರಲ್ಲಿ ಸುಮಾರು 160 ಕೋಟಿ ಡಾಲರ್ ನಗದು ಮಿಕ್ಕಿತು.