ಎಲೆ ಹಾಕಿದ ಮೇಲೆ ಎರಡು ನಿಮಿಷ

ವಂದನಾರ್ಪಣೆ ಎಂದು ಮೈಕಿನಲ್ಲಿ ಕೇಳಿಸಿದ್ದೇ ತಡ, ನಮ್ಮ ಜನ ಚಪ್ಪಲಿ ಹುಡುಕತೊಡಗುತ್ತಾರೆ. ಸಭೆಯಲ್ಲಿ ಅದು ನಡೆಯುತ್ತದೆ, ಮನೆಯ ಕಾರ್ಯದಲ್ಲಿ ನಡೆಯುವುದಿಲ್ಲ. ಅಲ್ಲಿ ಕೇಳುವವರೆಲ್ಲ ಕೈತುಂಬ ತಂದುಕೊಟ್ಟವರು. ತಮ್ಮ ಹೆಸರು ಬಂತೇ ಇಲ್ಲವೇ ಎಂದು ಕಿವಿ ನೆಟ್ಟಗೆ ಮಾಡಿಕೊಂಡೇ ಕೂತಿರುತ್ತಾರೆ.

ಇದು ನನಗೆ ಅರ್ಥವಾದದ್ದು 2025ರಲ್ಲಿ, ಶಿವಮೊಗ್ಗದಲ್ಲಿ ನಡೆದ ನಮ್ಮ ಭಾವನ ಷಷ್ಟ್ಯಬ್ದಿಯಲ್ಲಿ. ಅವರು ಹುಟ್ಟಿದ್ದು 1965ರ ವಿಶ್ವಾವಸು ಸಂವತ್ಸರದಲ್ಲಿ. 60 ಸಂವತ್ಸರಗಳ ಚಕ್ರ ಒಂದು ಸುತ್ತು ತಿರುಗಿ ಅದೇ ಹೆಸರಿನ ವರ್ಷ ಮತ್ತೆ ಬಂದಿತ್ತು. ‘ಆಶೀರ್ವಾದವೇ ಉಡುಗೊರೆ’ ಎಂದು ಕರೆಯೋಲೆಯಲ್ಲಿ ಅಚ್ಚಾಗಿದ್ದರೂ ಬೆಳಗ್ಗೆ ಹತ್ತಕ್ಕೆಲ್ಲ ಮೇಜು ತುಂಬಿತು. ಶಾಲು, ಬೆಳ್ಳಿ ಲೋಟ, ಗೋಡೆ ಗಡಿಯಾರ ಮೂರು, ಲಕೋಟೆಗಳ ರಾಶಿ, ಸಾಗರದ ಅತ್ತೆ ಹೊತ್ತು ತಂದ ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ.

ಭಾವ ಹಿಂದಿನ ರಾತ್ರಿಯೇ ಮೂರು ಪುಟ ಬರೆದಿಟ್ಟಿದ್ದರು. ಬೆಳ್ಳಿ ಕೊಡುವವರು ಯಾರೆಂದು ಮೊದಲೇ ಸುಳಿವು ಸಿಕ್ಕಿತ್ತು, ಅವರ ಹೆಸರು ಮೊದಲ ಪುಟದಲ್ಲೇ ಇತ್ತು. ಅಕ್ಕ ಓದಿ, “ರೀ, ಬೆಳ್ಳಿಯವರ ಹೆಸರು ಹೇಳ್ತೀರಿ, ಉಪ್ಪಿನಕಾಯಿ ಭರಣಿ ಹೊತ್ತುಕೊಂಡು ಬಸ್ಸಲ್ಲಿ ಬರೋ ಅತ್ತೆ ಎಲ್ಲಿ?” ಎಂದಳು. ಪೆನ್ನು ಕಸಿದುಕೊಂಡು ಅಡ್ಡಗೆರೆ ಎಳೆದಳು.

ಅವಳು ಎಳೆದ ಗೆರೆಯಲ್ಲಿ ಇಡೀ ವಿದ್ಯೆಯೇ ಇದೆ. ಉಡುಗೊರೆಯ ವಿಷಯದಲ್ಲಿ ಹೇಳಿದರೆ ಎಲ್ಲರ ಹೆಸರೂ ಹೇಳಬೇಕು, ಇಲ್ಲವಾದರೆ ಒಬ್ಬರದ್ದೂ ಹೇಳಬಾರದು. ನೂರು ಜನರ ಹೆಸರು ಓದುವುದು ಆಗದ ಮಾತು, ಹತ್ತು ಜನರದ್ದು ಓದಿದರೆ ಉಳಿದ ತೊಂಬತ್ತು ಜನ ತಕ್ಕಡಿ ಹಿಡಿಯುತ್ತಾರೆ. ಬೆವರು ಹರಿಸಿದವರನ್ನು ಮಾತ್ರ ಧಾರಾಳವಾಗಿ ನೆನೆಯಬಹುದು. ಅಡುಗೆಯವರನ್ನು ಹೊಗಳಿದರೆ ಯಾರಿಗೂ ಹೊಟ್ಟೆಕಿಚ್ಚಾಗುವುದಿಲ್ಲ. ‘ಏನೂ ಬೇಡ ಅಂದಿದ್ದೆವು, ಆದರೂ ತಂದಿರಿ’ ಎಂಬ ಸಾಲನ್ನೂ ಅಕ್ಕ ಹೊಡೆದುಹಾಕಿದಳು. ಹೇಳುವವರಿಗೆ ಅದು ವಿನಯ, ಕೇಳುವವರಿಗೆ ಆಕ್ಷೇಪಣೆ. ಬರಿಗೈಯಲ್ಲಿ ಬಂದವರಂತೂ ತಲೆ ತಗ್ಗಿಸಬೇಕಾಗುತ್ತದೆ.

ಉಳಿದದ್ದು ಮುಕ್ಕಾಲು ಪುಟ. ಎಲೆ ಹಾಕಿದ ಮೇಲೆ, ಬಡಿಸುವ ಮೊದಲು, ಭಾವ ಎದ್ದು ನಿಂತರು:

“ಎಲ್ಲರಿಗೂ ನಮಸ್ಕಾರ. ಒಳಗೆ ಎಲೆ ಹಾಕಿದ್ದಾರೆ, ಅನ್ನ ಆರುವ ಮೊದಲೇ ಮುಗಿಸುತ್ತೇನೆ. ನಾನು ಹುಟ್ಟಿದ ವಿಶ್ವಾವಸು ಸಂವತ್ಸರ ಈಗ ಮತ್ತೆ ಬಂದಿದೆ. ಅದು ಪಂಚಾಂಗದ ಲೆಕ್ಕ, ತಾನಾಗಿಯೇ ಬರುತ್ತದೆ. ನೀವು ಹಾಗಲ್ಲ. ರಜೆ ಹಾಕಿ, ಎರಡು ಬಸ್ಸು ಬದಲಿಸಿ, ಮಂಡಿನೋವು ನುಂಗಿಕೊಂಡು ಬಂದಿದ್ದೀರಿ. ಆ ಮೇಜು ನೋಡಿ ನಮ್ಮಿಬ್ಬರಿಗೂ ಮಾತು ಕಟ್ಟಿದೆ. ಏನೇನಿದೆ ಎಂದು ಇನ್ನೂ ಬಿಚ್ಚಿ ನೋಡಿಲ್ಲ. ನಾಳೆಯಿಂದ ಒಂದೊಂದೇ ಬಿಚ್ಚುತ್ತೇವೆ, ಬಿಚ್ಚಿದ ಹಾಗೆ ನಿಮಗೆ ಫೋನ್ ಮಾಡುತ್ತೇವೆ. ನಸುಕಿನಿಂದ ಒಲೆಯ ಮುಂದೆ ನಿಂತ ಅಡುಗೆಯವರಿಗೆ, ಶಾಂತಿ ಮಾಡಿಸಿದ ಪುರೋಹಿತರಿಗೆ, ಕುರ್ಚಿ ಹೊತ್ತ ಹುಡುಗರಿಗೆ ನಮ್ಮ ನಮಸ್ಕಾರ. ಯಾರೂ ಊಟ ಮಾಡದೆ ಹೊರಡಬೇಡಿ.”

ಎರಡು ನಿಮಿಷವೂ ಆಗಲಿಲ್ಲ. ಫೋನ್ ಮಾಡುತ್ತೇವೆ ಎಂಬ ಮಾತಿಗೆ ಮಾತ್ರ ಹಿಂದೊಂದು ಏರ್ಪಾಡು ಬೇಕು. ಹಳ್ಳಿಯ ಮದುವೆಗಳಲ್ಲಿ ಮುಯ್ಯಿ ಬರೆಯುವವರೊಬ್ಬರು ಪುಸ್ತಕ ಹಿಡಿದು ಕೂತಿರುತ್ತಿದ್ದರು. ಯಾರು ಎಷ್ಟು ಹಾಕಿದರೆಂದು ಬರೆದಿಟ್ಟು, ಅವರ ಮನೆಯ ಕಾರ್ಯಕ್ಕೆ ಅಷ್ಟಾದರೂ ಮರಳಿಸಬೇಕೆಂಬ ಲೆಕ್ಕ ಅದು. ಅಕ್ಕ ಅದೇ ಪುಸ್ತಕವನ್ನು ಬೇರೆ ಕೆಲಸಕ್ಕೆ ಹಚ್ಚಿದಳು. ಮಗಳನ್ನು ಮೇಜಿನ ಪಕ್ಕ ಕೂರಿಸಿ, ಪ್ರತಿ ಪೊಟ್ಟಣಕ್ಕೂ ಒಂದು ಸಂಖ್ಯೆಯ ಚೀಟಿ ಅಂಟಿಸಿ, ಪುಸ್ತಕದಲ್ಲಿ ಅದೇ ಸಂಖ್ಯೆಯ ಮುಂದೆ ಹೆಸರು ಬರೆಸಿದಳು. ಕೊಟ್ಟವರು ಆಚೆ ಸರಿಯುವ ಮೊದಲೇ ಬರೆಯಬೇಕು. ಸಂಜೆ ನೆನಪು ಮಾಡಿಕೊಂಡು ಬರೆಯಲು ಹೊರಟರೆ ಮೂರು ಗಡಿಯಾರಗಳೂ ಒಬ್ಬರದ್ದೇ ಆಗಿಬಿಡುತ್ತವೆ.

ಫೋನಿನಲ್ಲಿ ವಸ್ತುವಿನ ಹೆಸರು ಹಿಡಿದೇ ಮಾತಾಡಬೇಕು. ವೇದಿಕೆಯ ಮೇಲೆ ಬೇಡವಾದದ್ದು ಇಲ್ಲಿ ಬೇಕೇ ಬೇಕು. ‘ಗಿಫ್ಟ್ ಚೆನ್ನಾಗಿತ್ತು’ ಎಂದರೆ ಬಿಚ್ಚಿಲ್ಲ ಎಂದೇ ಅರ್ಥ. ಭಾವ ಅತ್ತೆಗೆ, “ನಿನ್ನೆ ಮೊಸರನ್ನಕ್ಕೆ ನಿಮ್ಮ ಮಿಡಿ ಕಚ್ಚಿದೆ, ಇನ್ನೂ ಕರುಂ ಅನ್ನುತ್ತೆ” ಎಂದರಂತೆ. ಅತ್ತೆ ಅದನ್ನು ಊರೆಲ್ಲ ಹೇಳಿಕೊಂಡು ಬಂದಿದ್ದಾರೆ.

ದಿನಕ್ಕೆ ಎಂಟು ಹತ್ತರಂತೆ ಫೋನು ಮುಗಿಯಲು ಹತ್ತಿರ ಹತ್ತಿರ ಎರಡು ವಾರ ಹಿಡಿಯಿತು. ಮಗಳು ಹೋಳಿಗೆಗೆ ಎದ್ದು ಹೋದ ಹೊತ್ತಿನಲ್ಲಿ ಯಾರೋ ಇಟ್ಟ ಒಂದು ಲಕೋಟೆ ಉಳಿದೇ ಇದೆ. ಒಳಗೆ 501 ರೂಪಾಯಿ, ಮೇಲೆ ಓರೆ ಅಕ್ಷರದಲ್ಲಿ ‘ಶುಭವಾಗಲಿ’ ಎಂದಷ್ಟೇ. ಪುಸ್ತಕದಲ್ಲಿ ಆ ಸಾಲಿನ ಮುಂದೆ ಪ್ರಶ್ನೆ ಗುರುತು. ಈಗ ಯಾರ ಮನೆಯ ಕಾರ್ಯಕ್ಕೆ ಹೋದರೂ ಭಾವ ಅಲ್ಲಿಯ ಲಕೋಟೆಗಳ ಕೈಬರಹವನ್ನು ಓರೆಗಣ್ಣಿನಲ್ಲಿ ನೋಡುತ್ತಿರುತ್ತಾರೆ.